ಮೊತ್ತ ಸರಿ, ಲೆಕ್ಕ ತಪ್ಪು

2020ರ ಅಕ್ಟೋಬರ್ 3, ಶನಿವಾರ. ಬ್ರಿಟನ್ ಸರ್ಕಾರ ಆ ದಿನ ಪ್ರಕಟಿಸಿದ ಹೊಸ ಕೋವಿಡ್ ಪ್ರಕರಣಗಳು 12,872. ಮರುದಿನ ಅದು ಒಮ್ಮೆಲೇ 22,961ಕ್ಕೆ ಜಿಗಿಯಿತು. ರೋಗವೇನೂ ರಾತ್ರೋರಾತ್ರಿ ದುಪ್ಪಟ್ಟಾಗಿರಲಿಲ್ಲ. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಪ್ರಕರಣಗಳು ಲೆಕ್ಕಕ್ಕೇ ಬಂದಿರಲಿಲ್ಲ. ಅವನ್ನು ತಡವಾಗಿ ಸೇರಿಸಿದ್ದರಿಂದ ಅಂಕಿ ಹಾಗೆ ಏರಿತ್ತು.

ಪ್ರಯೋಗಾಲಯಗಳು ತಮ್ಮ ಫಲಿತಾಂಶಗಳನ್ನು ಸಾದಾ ಪಠ್ಯದ ಸಿಎಸ್‌ವಿ ಕಡತಗಳಲ್ಲಿ ಕಳಿಸುತ್ತಿದ್ದವು. ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಸಂಸ್ಥೆ ಅವನ್ನು ಎಕ್ಸೆಲ್ ಕಡತಕ್ಕೆ ತುಂಬಿ ಮುಂದಿನ ವ್ಯವಸ್ಥೆಗೆ ದಾಟಿಸುತ್ತಿತ್ತು. ಆದರೆ ಬಳಸಿದ್ದು ಹಳೆಯ `.xls` ಮಾದರಿ. ಅದರ ಒಂದು ಹಾಳೆಯಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಒಬ್ಬೊಬ್ಬ ಸೋಂಕಿತರ ವಿವರ ಹಲವು ಸಾಲುಗಳನ್ನು ಆಕ್ರಮಿಸುತ್ತಿದ್ದರಿಂದ ಸುಮಾರು 1,400 ಪ್ರಕರಣಗಳಿಗೇ ಕಡತ ಭರ್ತಿಯಾಗುತ್ತಿತ್ತು. ಉಳಿದವು ಸದ್ದಿಲ್ಲದೆ ಹೊರಗುಳಿದವು. ಪರೀಕ್ಷೆ ಮಾಡಿಸಿಕೊಂಡವರಿಗೆ ಫಲಿತಾಂಶವೇನೋ ತಲುಪಿತ್ತು. ಅವರ ಸಂಪರ್ಕದಲ್ಲಿದ್ದವರನ್ನು ಹುಡುಕುವ ಕೆಲಸ ಮಾತ್ರ ದಿನಗಟ್ಟಲೆ ಹಿಂದೆ ಬಿತ್ತು.

ಬಂದ ಸಾಲೆಷ್ಟು, ದಾಟಿದ ಸಾಲೆಷ್ಟು ಎಂದು ಎರಡೂ ತುದಿಯಲ್ಲಿ ಎಣಿಸಿ ತಾಳೆ ನೋಡಿದ್ದರೆ ಈ ಎಡವಟ್ಟು ಮೊದಲ ದಿನವೇ ಕಣ್ಣಿಗೆ ಬೀಳುತ್ತಿತ್ತು. ದತ್ತಾಂಶ ಹುಟ್ಟುವ ಜಾಗದಿಂದ ಅದನ್ನು ಎತ್ತಿ, ಶುಚಿ ಮಾಡಿ, ಬೇಕಾದ ರೂಪಕ್ಕೆ ತಂದು, ವರದಿಗಳಿಗಾಗಿ ಕೂಡಿಡುವ ‘ವೇರ್‌ಹೌಸ್’ಗೆ ಸುರಿಯುವ ಸಾಲುಸಾಲು ಪ್ರೋಗ್ರಾಮ್‌ಗಳಿಗೆ ಡೇಟಾ ಪೈಪ್‌ಲೈನ್ ಎನ್ನುತ್ತಾರೆ. ಬ್ಯಾಂಕು, ಅಂಗಡಿ, ಆಸ್ಪತ್ರೆ, ಎಲ್ಲ ಕಡೆಯೂ ಇದು ದಿನಾ ರಾತ್ರಿ ಓಡುತ್ತದೆ. ಇದನ್ನು ಪರೀಕ್ಷಿಸುವವರು ಮೊದಲು ಕೇಳುವುದು ಎರಡೇ ಪ್ರಶ್ನೆ: ಸಾಲುಗಳ ಸಂಖ್ಯೆ ಒಂದೇ ಇದೆಯೇ? ಮೊತ್ತ ಒಂದೇ ಇದೆಯೇ? ಕಿರ್ದಿ ಬರೆದು ಶಿಲ್ಕು ತಾಳೆ ನೋಡುವ ಗುಮಾಸ್ತರಿಗೂ ಇವು ಹೊಸವಲ್ಲ. ತೊಡಕು ಶುರುವಾಗುವುದು ಉತ್ತರ ‘ಹೌದು’ ಎಂದು ಬಂದಾಗ, ಅಥವಾ ‘ಹೆಚ್ಚು ಕಡಿಮೆ ಹೌದು’ ಎಂದು ಬಂದಾಗ.

ಒಂದು ಔಷಧಿ ಅಂಗಡಿಗಳ ಸರಪಳಿಯನ್ನು ಕಲ್ಪಿಸಿಕೊಳ್ಳೋಣ. ರಾಜ್ಯದ ಹಲವು ಊರುಗಳಲ್ಲಿ ನಲವತ್ತು ಅಂಗಡಿ. ಆರು ಮಾತ್ರ ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುತ್ತವೆ. ದಿನ 2025ರ ಸೆಪ್ಟೆಂಬರ್ 22. ಈ ತಾರೀಖಿಗೆ ಕಾರಣವಿದೆ. ಬಹುತೇಕ ಔಷಧಿಗಳ ಮೇಲಿನ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿದದ್ದು ಅಂದೇ. ಅಂಗಡಿಗಳ ಬಿಲ್ಲಿಂಗ್ ಡೇಟಾಬೇಸ್‌ನಲ್ಲಿ ಆ ದಿನದ ಬಿಲ್ಲುಗಳು 18,420. ವೇರ್‌ಹೌಸ್‌ನಲ್ಲಿ 18,405. ವ್ಯತ್ಯಾಸ ಹದಿನೈದು.

ಹದಿನೆಂಟು ಸಾವಿರದಲ್ಲಿ ಹದಿನೈದು ತಾನೇ, ಯಾವುದೋ ರದ್ದಾದ ಬಿಲ್ಲುಗಳಿರಬೇಕು ಎಂದು ಕೈಬಿಡುವವರೇ ಹೆಚ್ಚು. ನುರಿತ ಟೆಸ್ಟರ್ ಅದೇ ಎಣಿಕೆಯನ್ನು ಅಂಗಡಿವಾರು ಒಡೆದು ನೋಡುತ್ತಾರೆ. ರಾತ್ರಿ ಬಾಗಿಲು ಹಾಕುವ ಮೂವತ್ತನಾಲ್ಕು ಅಂಗಡಿಗಳಲ್ಲಿ ಒಂದು ಬಿಲ್ಲೂ ಆಚೀಚೆ ಇಲ್ಲ. ಆರು ಅಂಗಡಿಗಳಲ್ಲಿ ಮಾತ್ರ ಒಂದರಲ್ಲಿ ಒಂಬತ್ತು ಕಡಿಮೆ, ಇನ್ನೊಂದರಲ್ಲಿ ನಾಲ್ಕು ಹೆಚ್ಚು, ಹೀಗೆ. ಆಮೇಲೆ ಬಿಲ್ ನಂಬರ್ ಹಿಡಿದು ಹೋಲಿಸಿದರೆ ನಿಜ ಸಂಗತಿ ಹೊರಬೀಳುತ್ತದೆ. ಅಂದಿನ 413 ಬಿಲ್ಲುಗಳು ವೇರ್‌ಹೌಸ್‌ನಲ್ಲಿ ಆ ದಿನದಡಿ ಇಲ್ಲ. ಬದಲಿಗೆ, ಅಂದಿನವಲ್ಲದ 398 ಬಿಲ್ಲುಗಳು ಬಂದು ಕೂತಿವೆ. ತಪ್ಪಿದ್ದು ಹದಿನೈದಲ್ಲ, 811.

ಕಾರಣ ಗಡಿಯಾರ. ಪೈಪ್‌ಲೈನ್ ಓಡುವ ಸರ್ವರ್ ಯುಟಿಸಿ ಸಮಯದಲ್ಲಿತ್ತು. ಅದು ಭಾರತದ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. 22ರ ನಸುಕಿನ ಒಂದೂವರೆಗೆ ಮಾಡಿದ ಬಿಲ್ಲು ಅದರ ಪಾಲಿಗೆ 21ರ ರಾತ್ರಿ ಎಂಟರದು. ಹಾಗಾಗಿ ಮಧ್ಯರಾತ್ರಿಯಿಂದ ಬೆಳಗಿನ ಐದೂವರೆವರೆಗಿನ ಬಿಲ್ಲುಗಳೆಲ್ಲ ಹಿಂದಿನ ದಿನಕ್ಕೆ ಸರಿದವು, 23ರ ಆ ಹೊತ್ತಿನವು ಇಲ್ಲಿಗೆ ಬಂದವು. ಹೋದದ್ದು ಮತ್ತು ಬಂದದ್ದು ಒಂದನ್ನೊಂದು ಬಹುಪಾಲು ಹೊಡೆದುಹಾಕಿ ಹದಿನೈದು ಉಳಿಸಿದ್ದವು. 413 ಬಿಲ್ಲುಗಳೇ ಮರುದಿನದಿಂದಲೂ ಬಂದಿದ್ದರೆ ವ್ಯತ್ಯಾಸ ಸೊನ್ನೆಯಾಗಿ, ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ಪಂಚ್ ಕಾರ್ಡ್ ಕಾಲದವರಿಗೆ ಇದರ ಅರಿವಿತ್ತು. ಅವರು ಹಣದ ಮೊತ್ತದ ಜೊತೆಗೆ ಖಾತೆ ನಂಬರುಗಳನ್ನೂ ಕೂಡಿಸಿ ಇಡುತ್ತಿದ್ದರು. ಆ ಮೊತ್ತಕ್ಕೆ ಸ್ವಂತ ಅರ್ಥವೇನೂ ಇಲ್ಲ. ಆದರೆ ಒಂದು ಕಾರ್ಡ್ ಕಳೆದು ಅದೇ ಬೆಲೆಯ ಇನ್ನೊಂದು ಎರಡು ಸಲ ಬಂದರೆ ಎಣಿಕೆಯೂ ಹಣವೂ ಸರಿಯೆನ್ನುತ್ತವೆ, ಈ ಅಸಂಬದ್ಧ ಮೊತ್ತ ಮಾತ್ರ ಕೈಕೊಡುತ್ತದೆ. ‘ಹ್ಯಾಶ್ ಟೋಟಲ್’ ಎಂಬ ಈ ಹಳೆಯ ಉಪಾಯವನ್ನು ಇಂದೂ ಬಿಲ್ ನಂಬರುಗಳ ಮೇಲೆ ಬಳಸಬಹುದು.

ತಾರೀಖು ಸರಿಪಡಿಸಿದ ಮೇಲೆ ಎರಡೂ ಕಡೆ 18,420. ಆದರೆ ವೇರ್‌ಹೌಸ್‌ನಲ್ಲಿ ಹಣ 61,340 ರೂಪಾಯಿ ಕಡಿಮೆ. ಬಿಲ್ಲು ಒಂದೂ ಕಳೆದಿಲ್ಲ, ದುಡ್ಡು ಎಲ್ಲಿ ಹೋಯಿತು? ಇದನ್ನು ಹಿಡಿಯಲು ಮೂರು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ರೂಢಿ:

```sql
SELECT store_id, COUNT(*), COUNT(amount), SUM(amount)
FROM bills
WHERE bill_date = '2025-09-22'
GROUP BY store_id;
```

`COUNT(*)` ಎಲ್ಲ ಸಾಲುಗಳನ್ನೂ ಎಣಿಸುತ್ತದೆ. `COUNT(amount)` ಎಣಿಸುವುದು ಮೊತ್ತದ ಕಾಲಂ ಖಾಲಿ ಇಲ್ಲದ ಸಾಲುಗಳನ್ನು ಮಾತ್ರ. ಅಂಗಡಿಗಳದ್ದೆಲ್ಲ ಕೂಡಿಸಿದರೆ ಮೊದಲನೆಯದು 18,420, ಎರಡನೆಯದು 18,384. ಮೂವತ್ತಾರು ಸಾಲುಗಳಲ್ಲಿ ಮೊತ್ತವೇ ಇಲ್ಲ, ಅಷ್ಟೂ ಒಂದೇ ಅಂಗಡಿಯವು. ಅಲ್ಲಿನ ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರ್ ಸಾವಿರ ದಾಟಿದ ಮೊತ್ತವನ್ನು ‘1,250.00’ ಎಂದು ನಡುವೆ ಅಲ್ಪವಿರಾಮ ಹಾಕಿ ಕಳಿಸುತ್ತಿತ್ತು. ಅದನ್ನು ಸಂಖ್ಯೆಯಾಗಿ ಓದಲಾಗದ ಪೈಪ್‌ಲೈನ್, ದೋಷವೆಂದು ನಿಲ್ಲುವ ಬದಲು `NULL` ಬರೆದು ಮುಂದೆ ಹೋಯಿತು. `SUM` ಅಂಥ ಸಾಲುಗಳನ್ನು ಎಣಿಕೆಗೇ ತೆಗೆದುಕೊಳ್ಳುವುದಿಲ್ಲ. ಸರಾಸರಿ ತೆಗೆಯುವ `AVG` ಕೂಡ ಹಾಗೆಯೇ. ಹೀಗಾಗಿ ಆ ಅಂಗಡಿಯ ದೊಡ್ಡ ಬಿಲ್ಲುಗಳೇ ಮಾಯವಾಗಿ, ಅಲ್ಲಿನ ಗಿರಾಕಿಗಳು ಕೈಬಿಗಿ ಹಿಡಿದು ಕೊಳ್ಳುವವರು ಎಂದು ವರದಿ ಹೇಳುತ್ತಿತ್ತು.

ದಿನದ ವಹಿವಾಟು ಸುಮಾರು 81 ಲಕ್ಷ ಎಂದಿಟ್ಟುಕೊಳ್ಳಿ. ಶೇಕಡ ಒಂದರವರೆಗಿನ ವ್ಯತ್ಯಾಸ ಪರವಾಗಿಲ್ಲ ಎಂಬ ನಿಯಮವಿದ್ದರೆ ಈ 61,340 ರೂಪಾಯಿ ಅದರೊಳಗೇ ನುಸುಳಿಬಿಡುತ್ತದೆ. ರಿಯಾಯಿತಿ ಬೇಕೇ ಬೇಕೆಂದರೆ ಅದಕ್ಕೊಂದು ಹುಟ್ಟು ತೋರಿಸಬೇಕು. ಪೈಸೆಯ ರೌಂಡಿಂಗ್‌ನಿಂದ ಒಂದು ಬಿಲ್ಲಿಗೆ ಹೆಚ್ಚೆಂದರೆ ಅರ್ಧ ಪೈಸೆ ಆಚೀಚೆಯಾಗಬಹುದು; 18,420 ಬಿಲ್ಲುಗಳಿಗೆ ಅದು 92 ರೂಪಾಯಿ 10 ಪೈಸೆ. ಅದಕ್ಕಿಂತ ಹೆಚ್ಚಿನದು ರೌಂಡಿಂಗ್ ಅಲ್ಲ. ಬಿಲ್ಲುಗಳ ಎಣಿಕೆಗಂತೂ ಯಾವ ರಿಯಾಯಿತಿಯೂ ಇಲ್ಲ.

ಅಲ್ಪವಿರಾಮದ ಗೋಜಲು ಬಗೆಹರಿದ ಮೇಲೆ ಎಣಿಕೆಯೂ ಸರಿ, ಹಣವೂ ಪೈಸೆ ಪೈಸೆ ಸರಿ. ಆದರೂ ಅಂದಿನ ತೆರಿಗೆ ತಪ್ಪೇ.

ತಾರೀಖನ್ನು ತಿದ್ದಿದವರು ಪೈಪ್‌ಲೈನಿನ ಕೊನೆಯ ಹಂತದಲ್ಲಿ ತಿದ್ದಿದ್ದರು. ಜಿಎಸ್‌ಟಿ ಬಿಡಿಸುವುದು ಅದಕ್ಕೂ ಮೊದಲಿನ ಹಂತದಲ್ಲಿ, ಅಲ್ಲಿ ಇನ್ನೂ ಯುಟಿಸಿ ಗಡಿಯಾರವೇ ನಡೆದಿತ್ತು. ನಸುಕಿನ ಒಂದೂವರೆಗೆ ಅಂಗಡಿಯವರು ಹೊಸ ದರದಲ್ಲಿ 1,050 ರೂಪಾಯಿಯ ಬಿಲ್ಲು ಮಾಡಿದ್ದಾರೆ: ಔಷಧಿಗೆ 1,000, ತೆರಿಗೆ 50. ಪೈಪ್‌ಲೈನ್ ಅದನ್ನು 21ರ ಬಿಲ್ಲೆಂದು ತಿಳಿದು ಹಳೆಯ ಶೇಕಡ 12ರ ದರದಲ್ಲಿ ಬಿಡಿಸಿತು. ಔಷಧಿಗೆ 937.50, ತೆರಿಗೆ 112.50. ಎರಡನ್ನೂ ಕೂಡಿಸಿದರೆ ಮತ್ತೆ ಅದೇ 1,050. ಒಳಗಿನ ಪಾಲು ಬದಲಾಗಿದೆ, ಮೊತ್ತ ಕದಲಿಲ್ಲ. 413 ಬಿಲ್ಲುಗಳಲ್ಲಿ ಹೀಗೆ ಆಗಿದ್ದರೂ ಬಿಲ್ಲಿನ ಒಟ್ಟು ಹಣದ ತಾಳೆ ಅದನ್ನು ಹಿಡಿಯಲಾರದು.

ಇಲ್ಲಿ ಬೇಕಾದದ್ದು ರೂಪಾಂತರದ ಪರೀಕ್ಷೆ. ನಿಯಮವನ್ನು ಟೆಸ್ಟರ್ ತಾವೇ ಹೊಸದಾಗಿ ಬರೆದು, ಮೂಲದ ಬಿಲ್ಲುಗಳ ಮೇಲೆ ನಡೆಸಿ, ಬರಬೇಕಾದ ಫಲಿತಾಂಶವನ್ನು ಒಂದು ಕೋಷ್ಟಕದಲ್ಲಿ ಇಡುತ್ತಾರೆ. ಪೈಪ್‌ಲೈನ್ ಬರೆದವರ ಕೋಡನ್ನೇ ನಕಲು ಮಾಡಿ ಪರೀಕ್ಷೆಗೆ ಬಳಸಿದರೆ ಅದೇ ಯುಟಿಸಿ ತಪ್ಪು ಎರಡೂ ಕಡೆ ಬಂದು ‘ತಾಳೆಯಾಯಿತು’ ಎನ್ನುತ್ತದೆ. ಈ ಅಡ್ಡದಾರಿ ಹಿಡಿಯುವವರು ಕಡಿಮೆಯೇನಿಲ್ಲ. ಬಳಿಕ ಎರಡು ಕೋಷ್ಟಕಗಳನ್ನು ಸಾಲು ಸಾಲಾಗಿ ಕಳೆಯುತ್ತಾರೆ:

```sql
SELECT bill_no, taxable, gst FROM expected
EXCEPT
SELECT bill_no, taxable, gst FROM warehouse_bills;
```

ಬರಬೇಕಾಗಿದ್ದು ಬಾರದ ಸಾಲುಗಳು ಇದರಲ್ಲಿ ಸಿಗುತ್ತವೆ. ಕೋಷ್ಟಕಗಳನ್ನು ಅದಲುಬದಲು ಮಾಡಿ ಮತ್ತೊಮ್ಮೆ ನಡೆಸಿದರೆ ಬರಬಾರದೆ ಬಂದವು ಸಿಗುತ್ತವೆ. ಒಂದೇ ದಿಕ್ಕಿನಲ್ಲಿ ನೋಡಿ ಸುಮ್ಮನಾದರೆ ಅರ್ಧ ಕೆಲಸವಾದಂತೆ. ಒಂದು ಎಚ್ಚರವೂ ಬೇಕು: `EXCEPT` ಒಂದೇ ಥರದ ಸಾಲುಗಳನ್ನು ಒಂದೆಂದೇ ಪರಿಗಣಿಸುತ್ತದೆ. ಯಾವುದೋ ಬಿಲ್ಲು ವೇರ್‌ಹೌಸ್‌ಗೆ ಎರಡು ಸಲ ಬಿದ್ದಿದ್ದರೆ ಎರಡು ದಿಕ್ಕಿನಲ್ಲೂ ಉತ್ತರ ಖಾಲಿ. ಅದನ್ನು ಹಿಡಿಯಲು ಆ ಸರಳ ಎಣಿಕೆಯೇ ಬೇಕು.

ಇಷ್ಟೆಲ್ಲ ಮಾಡುವ ಹೊತ್ತಿಗೆ ಮೂಲದ ಡೇಟಾಬೇಸ್ ಸುಮ್ಮನೆ ಕೂತಿರುವುದಿಲ್ಲ. ಗಿರಾಕಿ ಮಾತ್ರೆ ವಾಪಸು ಕೊಡುತ್ತಾನೆ, ಅಂಗಡಿಯವರು ನಿನ್ನೆಯ ಬಿಲ್ಲು ತಿದ್ದುತ್ತಾರೆ. ಬೆಳಗ್ಗೆ ಆರಕ್ಕೆ ತುಂಬಿದ ವೇರ್‌ಹೌಸನ್ನು ಮಧ್ಯಾಹ್ನದ ಮೂಲದೊಡನೆ ಹೋಲಿಸಿದರೆ ಇಲ್ಲದ ತಪ್ಪು ಕಾಣುತ್ತದೆ. ಹಾಗಾಗಿ ಮೂಲದ ಎಣಿಕೆ, ಮೊತ್ತಗಳನ್ನು ದತ್ತಾಂಶ ಎತ್ತುವ ಗಳಿಗೆಯಲ್ಲೇ ತೆಗೆದು ಬರೆದಿಡುತ್ತಾರೆ. ಅಳಿಸಿದ ಬಿಲ್ಲುಗಳದ್ದು ಬೇರೆಯೇ ಕಾಟ. ‘ಹಿಂದಿನ ಸಲದ ನಂತರ ಬದಲಾದದ್ದನ್ನು ಮಾತ್ರ ತಾ’ ಎಂದು ಕೇಳುವ ಪೈಪ್‌ಲೈನಿಗೆ ಮೂಲದಿಂದಲೇ ಅಳಿಸಿಹೋದ ಸಾಲು ಕಾಣುವುದೇ ಇಲ್ಲ. ಅದು ವೇರ್‌ಹೌಸ್‌ನಲ್ಲಿ ಹಾಗೆಯೇ ಉಳಿಯುತ್ತದೆ. ಅಂದಂದಿನ ತಾಳೆ ಸರಿಯಿದ್ದರೂ ತಿಂಗಳಿಗೊಮ್ಮೆ ಹಳೆಯ ದಿನಗಳನ್ನು ಮತ್ತೆ ಎಣಿಸಿದಾಗ, ಮೂಲಕ್ಕಿಂತ ವೇರ್‌ಹೌಸ್‌ನಲ್ಲಿ ಸಾಲುಗಳು ಹೆಚ್ಚಿದ್ದರೆ ಮೊದಲು ಸಂಶಯಪಡಬೇಕಾದದ್ದು ಇದನ್ನೇ.

ಎರಡು ತುದಿಗಳ ತಾಳೆ ಹೇಳುವುದು, ಮೂಲದಲ್ಲಿ ಇದ್ದದ್ದು ನಿಯಮದಂತೆ ವೇರ್‌ಹೌಸ್ ಮುಟ್ಟಿತು ಎಂದಷ್ಟೇ. ಅಂಗಡಿಯವರು ಬಿಲ್ಲೇ ಮಾಡದೆ ಮಾರಿದ ಔಷಧಿ ಎರಡೂ ಕಡೆ ಇರುವುದಿಲ್ಲ, ಹಾಗಾಗಿ ಅದರ ವ್ಯತ್ಯಾಸ ಸೊನ್ನೆ. ಅದನ್ನು ಹಿಡಿಯಬೇಕಾದರೆ ಬಿಲ್ಲಿಂಗ್‌ಗೆ ಸಂಬಂಧವಿಲ್ಲದೆ ಬರೆದ ಇನ್ನೊಂದು ಪುಸ್ತಕ ಬೇಕು. ತಿಂಗಳ ಮೊದಲು ಇದ್ದ ದಾಸ್ತಾನಿಗೆ ಸಗಟು ವ್ಯಾಪಾರಿಯಿಂದ ಬಂದದ್ದನ್ನು ಕೂಡಿಸಿ, ಅವಧಿ ಮೀರಿದ್ದೆಂದು ವಾಪಸು ಹೋದದ್ದನ್ನೂ ಮಾರಾಟವಾಯಿತೆಂದು ವೇರ್‌ಹೌಸ್ ಹೇಳುವುದನ್ನೂ ಕಳೆದು, ಕಪಾಟಿನಲ್ಲಿ ಈಗ ಇರುವ ಸ್ಟ್ರಿಪ್‌ಗಳನ್ನು ಕೈಯಾರೆ ಎಣಿಸಿ ನೋಡಬೇಕು.