ಮೂತ್ರಪರೀಕ್ಷೆಯಲ್ಲಿ ‘ಒಂದು ಲಕ್ಷ’ದ ಲೆಕ್ಕ

ಮೂತ್ರದ ‘ಕಲ್ಚರ್’ ಪರೀಕ್ಷೆಯ ವರದಿ ನಿಮ್ಮ ಮನೆಗೂ ಎಂದಾದರೂ ಬಂದಿರಬಹುದು. ‘ಒಂದು ಮಿಲಿಲೀಟರಿಗೆ ಒಂದು ಲಕ್ಷಕ್ಕೂ ಹೆಚ್ಚು’ ಎಂದೋ, ‘ಹಲವು ಬಗೆಯ ಬೆಳವಣಿಗೆ, ಮತ್ತೊಮ್ಮೆ ಮಾದರಿ ಕಳುಹಿಸಿ’ ಎಂದೋ ಅದರಲ್ಲಿ ಬರೆದಿರುತ್ತದೆ. ರೋಗಾಣು ಇದೆಯೋ ಇಲ್ಲವೋ ಎಂದು ನಾವು ಕೇಳಿದರೆ, ಪ್ರಯೋಗಶಾಲೆಯವರು ಎಷ್ಟು ಇವೆ ಎಂದು ಎಣಿಸಿ ಹೇಳುವುದೇಕೆ?

ಕಾರಣ ಸರಳವಾಗಿದೆ. ಮೂತ್ರದ್ವಾರದ ಸುತ್ತಲಿನ ಚರ್ಮದ ಮೇಲೆ ಅಣುಜೀವಿಗಳು ಸದಾ ಇದ್ದೇ ಇರುತ್ತವೆ. ಮೂತ್ರ ಹೊರಬರುವಾಗ ಅವುಗಳಲ್ಲಿ ಕೆಲವು ಕೊಚ್ಚಿಕೊಂಡು ಶೀಷೆಗೆ ಬೀಳುತ್ತವೆ. ಆದುದರಿಂದ ಶೀಷೆಯಲ್ಲಿ ಅಣುಜೀವಿ ಕಂಡಿತೆಂದ ಮಾತ್ರಕ್ಕೆ ಮೂತ್ರಕೋಶದಲ್ಲಿ ಸೋಂಕು ಇದೆಯೆಂದು ಹೇಳಲಾಗದು. ಅಮೆರಿಕದ ಬಾಸ್ಟನ್ ನಗರದ ವೈದ್ಯ ಎಡ್ವರ್ಡ್ ಕ್ಯಾಸ್ 1956ರಲ್ಲಿ ಈ ತೊಡಕಿಗೆ ಎಣಿಕೆಯ ದಾರಿ ತೋರಿಸಿದರು. ಮೂತ್ರಕೋಶದಲ್ಲೇ ನೆಲೆಸಿದ ರೋಗಾಣು ಅಲ್ಲಿ ಗಂಟೆಗಟ್ಟಲೆ ವೃದ್ಧಿಯಾಗುತ್ತದೆ. ಅದರ ಸಂಖ್ಯೆ ಸಾಮಾನ್ಯವಾಗಿ ಮಿಲಿಲೀಟರಿಗೆ 1,00,000ವನ್ನು ಮೀರುತ್ತದೆ. ಚರ್ಮದಿಂದ ಬಿದ್ದವು ಬಹುಮಟ್ಟಿಗೆ ಅದಕ್ಕಿಂತ ಬಹಳ ಕಡಿಮೆ.

ಲಕ್ಷ ಜೀವಿಗಳನ್ನು ಯಾರೂ ಒಂದೊಂದಾಗಿ ಎಣಿಸುವುದಿಲ್ಲ. ಒಂದು ಮಿಲಿಲೀಟರಿನ ಸಾವಿರದ ಒಂದು ಭಾಗವನ್ನು ಮಾತ್ರ ಹಿಡಿಯುವ ತಂತಿಯ ಕುಣಿಕೆಯೊಂದುಂಟು. ಅದನ್ನು ಮೂತ್ರದಲ್ಲಿ ಅದ್ದಿ, ಅಗರ್ ಎಂಬ ಪಾಚಿಯ ಅಂಟಿನಿಂದ ಮಾಡಿದ, ಪೋಷಕಾಂಶ ಸೇರಿಸಿದ ಗಟ್ಟಿ ಪದರದ ಮೇಲೆ ಎಳೆದು ಹರಡುತ್ತಾರೆ. ತಟ್ಟೆಯನ್ನು ದೇಹದ ಶಾಖದಷ್ಟು ಬಿಸಿಯಿರುವ ಪೆಟ್ಟಿಗೆಯಲ್ಲಿ ಒಂದು ಹಗಲು ರಾತ್ರಿ ಇಟ್ಟರೆ, ಬಿದ್ದ ಒಂದೊಂದು ಜೀವಿಯೂ ಬೆಳೆದು ಕಣ್ಣಿಗೆ ಕಾಣುವ ಚುಕ್ಕೆಯಾಗುತ್ತದೆ. ಈ ಚುಕ್ಕೆಗೆ ‘ಕಾಲೊನಿ’ ಎಂದು ಹೆಸರು. ಕಾಲೊನಿಗಳನ್ನು ಎಣಿಸಿ ಸಾವಿರದಿಂದ ಗುಣಿಸಿದರೆ ಮಿಲಿಲೀಟರಿನ ಲೆಕ್ಕ ಸಿಕ್ಕಿತು. 100 ಕಾಲೊನಿಯೆಂದರೆ ಒಂದು ಲಕ್ಷ.

ಕೃಷ್ಣರಾಜಪೇಟೆಯಿಂದ ಮೈಸೂರಿನ ಪ್ರಯೋಗಶಾಲೆಗೆ ಮೂರು ಶೀಷೆಗಳು ಹೋದವೆಂದು ಇಟ್ಟುಕೊಳ್ಳೋಣ. ಮೊದಲನೆಯದರ ತಟ್ಟೆಯಲ್ಲಿ 140 ಕಾಲೊನಿಗಳು, ಎಲ್ಲವೂ ಒಂದೇ ಬಗೆಯವು. ಸೂಕ್ಷ್ಮದರ್ಶಕದಲ್ಲಿ ಕೀವುಕಣಗಳೂ ತುಂಬ ಕಾಣುತ್ತವೆ. ರೋಗಿಗೆ ಉರಿಮೂತ್ರವೂ ಉಂಟು. ಇದು ನಿಜವಾದ ಸೋಂಕು. ಎರಡನೆಯದರಲ್ಲಿಯೂ 140 ಕಾಲೊನಿಗಳೇ. ಆದರೆ ಅವುಗಳಲ್ಲಿ ಮೂರು ನಾಲ್ಕು ಬಗೆ, ಯಾವುದೂ ಮುಂದಾಗಿಲ್ಲ. ಮೂತ್ರಕೋಶದ ಸೋಂಕು ಸಾಮಾನ್ಯವಾಗಿ ಒಂದೇ ಜಾತಿಯ ಕೆಲಸ. ಇಷ್ಟು ಜಾತಿಗಳು ಒಟ್ಟಿಗೆ ಬಂದರೆ ಚರ್ಮದಿಂದ ಬೆರೆತವೆಂದು ತಿಳಿದು ಹೊಸ ಮಾದರಿಯನ್ನು ಕೇಳುತ್ತಾರೆ.

ಮೂರನೆಯ ಶೀಷೆಯೇ ಮೋಸ ಮಾಡುವಂಥದು. ಅದರಲ್ಲಿ 128 ಕಾಲೊನಿಗಳು, ಎಲ್ಲವೂ ಒಂದೇ ಬಗೆ. ಕೀವುಕಣ ಮಾತ್ರ ಇಲ್ಲ. ವಿಚಾರಿಸಿದಾಗ, ಬೆಳಗ್ಗೆ ಹಿಡಿದ ಮೂತ್ರ ಬಿಸಿಲಿನ ಹೊತ್ತಿನಲ್ಲಿ ಬಸ್ಸಿನ ಚೀಲದಲ್ಲಿ ಶ್ರೀರಂಗಪಟ್ಟಣವನ್ನು ದಾಟಿ ಬಂದಿತೆಂದು ತಿಳಿಯುತ್ತದೆ. ಮೂತ್ರವೂ ಅಣುಜೀವಿಗೆ ಆಹಾರವೇ. ಬೆಚ್ಚಗಿದ್ದರೆ ಅದು ಅರ್ಧ ಗಂಟೆಗೊಮ್ಮೆ ಇಮ್ಮಡಿಸಬಲ್ಲದು. ಚರ್ಮದಿಂದ ಬಿದ್ದ 1,000 ಜೀವಿಗಳು ಮೊದಲು 2,000, ಆಮೇಲೆ 4,000 ಹೀಗೆ ಏಳು ಸಲ ಇಮ್ಮಡಿಸಿದರೆ 1,28,000 ಆಗುತ್ತವೆ. ಅದಕ್ಕೆ ಮೂರೂವರೆ ಗಂಟೆ ಸಾಕು. ಲಕ್ಷ ದಾಟಿದ್ದು ಶೀಷೆಯಲ್ಲಿ, ಮೂತ್ರಕೋಶದಲ್ಲಲ್ಲ. ಇಂಥ ವರದಿಯನ್ನು ನಂಬಿ ಔಷಧ ಕೊಟ್ಟರೆ, ಇಲ್ಲದ ರೋಗಕ್ಕೆ ಚಿಕಿತ್ಸೆ ಕೊಟ್ಟಂತೆ. ನಿಜವಾದ ರೋಗ ಬೇರೆಯಿದ್ದರೆ ಅದು ಹಿಂದೆಯೇ ಉಳಿಯುತ್ತದೆ.

ಹಾಗೆಂದು ಲಕ್ಷಕ್ಕೆ ಕಡಿಮೆಯಾದುದೆಲ್ಲ ನಿರ್ಲಕ್ಷಿಸತಕ್ಕದ್ದೆಂದು ತಿಳಿಯಬಾರದು. ಉರಿಮೂತ್ರದಿಂದ ನರಳುವ ಹೆಂಗಸಿನಲ್ಲಿ ಒಂದೇ ಬಗೆಯ ಇ. ಕೊಲೈ ರೋಗಾಣು ಸಾವಿರದಷ್ಟೋ ಅದಕ್ಕೂ ಕಡಿಮೆಯೋ ಇದ್ದರೂ ಅದು ಸೋಂಕಾಗಿರಬಹುದು. ಮೊದಲೇ ಗುಳಿಗೆ ನುಂಗಿದ್ದರೂ ಎಣಿಕೆ ಇಳಿಯುತ್ತದೆ. ಇನ್ನೊಂದು ಕಡೆ, ಯಾವ ತೊಂದರೆಯೂ ಇಲ್ಲದ ವೃದ್ಧರಲ್ಲಿ ಲಕ್ಷ ಕಂಡರೂ ಸಾಮಾನ್ಯವಾಗಿ ಔಷಧ ಬೇಕಿಲ್ಲ. ಗರ್ಭಿಣಿಗಾದರೋ ತೊಂದರೆ ಕಾಣದಿದ್ದರೂ ಚಿಕಿತ್ಸೆ ಬೇಕು, ಏಕೆಂದರೆ ಸೋಂಕು ಮೂತ್ರಪಿಂಡಕ್ಕೆ ಏರುವ ಭಯವುಂಟು. ಆದುದರಿಂದ ವೈದ್ಯರು ಸಂಖ್ಯೆಯೊಂದನ್ನೇ ಓದದೆ ಜಾತಿ, ಕೀವುಕಣ, ರೋಗಿಯ ಲಕ್ಷಣ ಇವುಗಳನ್ನೂ ಕೂಡಿಸಿ ಓದುತ್ತಾರೆ.

ನಿಮ್ಮ ಪಾಲಿನ ಕೆಲಸ ಇಷ್ಟೆ. ಗುಳಿಗೆ ನುಂಗುವ ಮುಂಚೆಯೇ ಮಾದರಿ ಹಿಡಿಯಿರಿ. ತೊಳೆದುಕೊಂಡು, ಮೊದಲ ಧಾರೆಯನ್ನು ಹೊರಗೆ ಬಿಟ್ಟು, ನಡುವಿನ ಧಾರೆಯನ್ನು ಪ್ರಯೋಗಶಾಲೆ ಕೊಟ್ಟ ಶೀಷೆಯಲ್ಲಿ ಹಿಡಿಯಿರಿ. ಮನೆಯ ಔಷಧದ ಸೀಸೆ ಬೇಡ. ಎರಡು ಗಂಟೆಯೊಳಗೆ ತಲಪಿಸಲಾಗದಿದ್ದರೆ ರೆಫ್ರಿಜರೇಟರಿನಲ್ಲಿಟ್ಟು, ಮಂಜುಗಡ್ಡೆಯ ಡಬ್ಬಿಯಲ್ಲಿ ಕಳುಹಿಸಿ. ತಣ್ಣಗಿದ್ದರೆ ಒಂದು ದಿನದವರೆಗೆ ಎಣಿಕೆ ಹೆಚ್ಚು ಬದಲಾಗದು. ಹಿಡಿದ ಹೊತ್ತನ್ನು ಶೀಷೆಯ ಮೇಲೆ ಬರೆಯಿರಿ. ಆ ಒಂದು ಗೆರೆಯಿಲ್ಲದೆ ಮೂರನೆಯ ಶೀಷೆಯ ಮೋಸವನ್ನು ತಟ್ಟೆ ನೋಡಿ ಯಾರೂ ಕಂಡುಹಿಡಿಯಲಾರರು.