ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ

ನರ್ಸಿಂಗ್ ಕಾಲೇಜಿಗೆ ಸೇರಿದವರು ಮೊದಲ ವರ್ಷವೇ ಐದು ‘ಸರಿ’ಗಳನ್ನು ಬಾಯಿಪಾಠ ಮಾಡಿರುತ್ತಾರೆ: ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ. ಹೇಳೋದು ಸುಲಭ. ರೋಗಿಯ ಮಂಚದ ಪಕ್ಕ ನಿಂತಾಗ ಅವು ಹೇಗೆ ಕೆಲಸ ಮಾಡುತ್ತವೆ ಎಂಬುದಕ್ಕೆ ಒಂದು ಇನ್ಸುಲಿನ್ ಚುಚ್ಚುಮದ್ದು ಸಾಕು.

ಕೇಸ್ ಶೀಟಿನಲ್ಲಿ ಬರೆದಿದೆ ಎಂದಿಟ್ಟುಕೊಳ್ಳಿ: ರೆಗ್ಯುಲರ್ ಇನ್ಸುಲಿನ್ 10 ಯೂನಿಟ್, ಚರ್ಮದಡಿಗೆ, ಊಟಕ್ಕೆ ಅರ್ಧ ಗಂಟೆ ಮೊದಲು. ವಿದ್ಯಾರ್ಥಿನಿ ಮಂಚದ ಹತ್ತಿರ ಹೋಗಿ “ನೀವು ಲಕ್ಷ್ಮಮ್ಮ ಅಲ್ವಾ?” ಎಂದರೆ ಅಲ್ಲೇ ಎಡವಟ್ಟು. ಕಿವಿ ಮಂದವಾದ ಅಜ್ಜಿ ಯಾವುದಕ್ಕೂ “ಹ್ಞೂಂ” ಅನ್ನಬಹುದು. “ನಿಮ್ಮ ಹೆಸರು ಹೇಳಿ ಅಜ್ಜಿ” ಎಂದು ಅವರ ಬಾಯಿಂದಲೇ ಕೇಳಬೇಕು, ಕೈಪಟ್ಟಿಯ ಆಸ್ಪತ್ರೆ ನಂಬರನ್ನು ಶೀಟಿನ ನಂಬರಿಗೆ ತಾಳೆ ನೋಡಬೇಕು. ಮಂಚದ ನಂಬರನ್ನು ನಂಬುವಂತಿಲ್ಲ, ರೋಗಿಗಳು ಮಂಚ ಬದಲಾಯಿಸುತ್ತಾರೆ.

ಔಷಧಿಯ ಲೇಬಲ್ಲನ್ನು ಮೂರು ಸಲ ಓದುವುದು ಪದ್ಧತಿ: ಬಾಟಲಿ ಎತ್ತಿಕೊಳ್ಳುವಾಗ, ಮದ್ದು ಎಳೆಯುವಾಗ, ಕೊಡುವ ಮುಂಚೆ. ರೆಗ್ಯುಲರ್ ಇನ್ಸುಲಿನ್ ನೀರಿನಂತೆ ತಿಳಿಯಾಗಿರುತ್ತದೆ. 30/70 ಮಿಶ್ರಣ ಹಾಲಿನಂತೆ ಮಸುಕು. ಕಣ್ಣಿಗೆ ಕಾಣುವ ಈ ವ್ಯತ್ಯಾಸ ಒಂದು ಸುಳಿವು ಅಷ್ಟೇ, ಲೇಬಲ್ ಓದುವುದು ತಪ್ಪದು.

ನಿಜವಾದ ಗುಂಡಿ ಇರುವುದು ಪ್ರಮಾಣದಲ್ಲಿ. ನಮ್ಮಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವ ಬಾಟಲಿಯೂ ಸಿಗುತ್ತದೆ, 100 ಯೂನಿಟ್ ಇರುವುದೂ ಸಿಗುತ್ತದೆ. ಎರಡಕ್ಕೂ ಬೇರೆ ಬೇರೆ ಸಿರಿಂಜ್: ಸಾಮಾನ್ಯವಾಗಿ 40ಕ್ಕೆ ಕೆಂಪು ಮುಚ್ಚಳ, 100ಕ್ಕೆ ಕಿತ್ತಳೆ. 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿಗೆ 10ರ ಗೆರೆಯವರೆಗೆ ಎಳೆದರೆ ಬರುವುದು ಕಾಲು ಮಿಲಿ, ಅಂದರೆ 25 ಯೂನಿಟ್. ಗೆರೆ ಹತ್ತು ಎನ್ನುತ್ತದೆ, ಮೈಗೆ ಹೋಗುವುದು ಎರಡೂವರೆ ಪಟ್ಟು. ಸ್ವಲ್ಪ ಹೊತ್ತಿನಲ್ಲಿ ಅಜ್ಜಿ ಬೆವರುತ್ತಾರೆ, ಕೈ ನಡುಗುತ್ತದೆ, ಮಾತು ತಡವರಿಸುತ್ತದೆ. ಉಲ್ಟಾ ಆದರೆ, 40ರ ಬಾಟಲಿ ಮತ್ತು ಕಿತ್ತಳೆ ಸಿರಿಂಜ್, ಹೋಗುವುದು ಬರೀ 4 ಯೂನಿಟ್. ಸಕ್ಕರೆ ಇಳಿಯುವುದಿಲ್ಲ, ಮರುದಿನ ಡಾಕ್ಟರು ಡೋಸ್ ಏರಿಸುತ್ತಾರೆ, ತಪ್ಪು ಎಲ್ಲಿ ಎಂದು ಯಾರಿಗೂ ತಿಳಿಯದು. ಅದಕ್ಕೇ ಬಾಟಲಿ, ಸಿರಿಂಜ್ ಎರಡನ್ನೂ ಸ್ಟಾಫ್ ನರ್ಸ್ ಕೈಗಿತ್ತು, “ಸಿಸ್ಟರ್, ಇದನ್ನೊಮ್ಮೆ ನೋಡಿ” ಎನ್ನುವುದು. ಎಷ್ಟು ಎಳೆದಿದ್ದೇನೆ ಎಂದು ಮೊದಲೇ ಹೇಳಿಬಿಡಬಾರದು. ಹೇಳಿದರೆ ಅವರ ಕಣ್ಣೂ ಅದನ್ನೇ ಕಾಣುತ್ತದೆ.

ಮಾರ್ಗ ಬೇಗ ಮುಗಿಯುತ್ತದೆ: ಹೊಟ್ಟೆಯ ಚರ್ಮದಡಿ, ಹೊಕ್ಕುಳಿಂದ ಎರಡು ಬೆರಳು ದೂರ. ಸಮಯಕ್ಕೆ ಮಾತ್ರ ಗಡಿಯಾರ ಸಾಲದು. ಈಗಿನ ಸಕ್ಕರೆ ಎಷ್ಟು, ಊಟ ಬರುತ್ತದೆಯೋ ಇಲ್ಲವೋ ಎಂದೂ ನೋಡಬೇಕು. ಸ್ಕ್ಯಾನಿಂಗಿಗೆಂದು ಅಜ್ಜಿಯನ್ನು ಉಪವಾಸ ಇರಿಸಿದ್ದರೆ ಸೂಜಿ ಚುಚ್ಚದೆ ಸಿಸ್ಟರನ್ನು ಕರೆಯಬೇಕು.

ಇಷ್ಟೆಲ್ಲ ಆದಮೇಲೂ ಅಜ್ಜಿ “ನಿನ್ನೆ ಇಷ್ಟಿರಲಿಲ್ಲವಲ್ಲಮ್ಮಾ” ಎಂದರೆ, ಟ್ರೇ ಕೆಳಗಿಟ್ಟು ಮತ್ತೆ ಶೀಟಿನ ಬಳಿಗೆ.