ಕ್ಲೈಮ್ಯಾಕ್ಸ್ ಬಚ್ಚಿಡಬೇಡಿ: ಸ್ಕ್ರಿಪ್ಟ್ ಲ್ಯಾಬ್‌ಗೆ ಅರ್ಜಿ ಬರೆಯುವ ಬಗೆ

ಮುಂಬೈನ ಡಬ್ಬಾವಾಲಾಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಹೊರಟಿದ್ದ ರಿತೇಶ್ ಬಾತ್ರಾ, ಅವರೊಂದಿಗೆ ಓಡಾಡುತ್ತಲೇ ಬೇರೊಂದು ಕಥೆಯ ಬೆನ್ನು ಹತ್ತಿದರು. ತಪ್ಪಿ ಬೇರೆಯವರ ಮೇಜಿಗೆ ಬಂದ ಊಟದ ಡಬ್ಬಿ, ಅದನ್ನು ಕಟ್ಟಿ ಕಳಿಸಿದ ಗೃಹಿಣಿ, ಅದನ್ನು ಉಂಡ ನಿವೃತ್ತಿಯ ಹೊಸ್ತಿಲಲ್ಲಿರುವ ಗುಮಾಸ್ತ. ಆ ಕಥೆ ‘ದಿ ಲಂಚ್‌ಬಾಕ್ಸ್’ ಆಗಿ 2013ರಲ್ಲಿ ಕಾನ್ ಚಿತ್ರೋತ್ಸವದ ಕ್ರಿಟಿಕ್ಸ್ ವೀಕ್ ವಿಭಾಗಕ್ಕೆ ಹೋಯಿತು. ಅದಕ್ಕೂ ಮೊದಲು ಅದರ ಚಿತ್ರಕಥೆ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ, ಅಂದರೆ ಎನ್‌ಎಫ್‌ಡಿಸಿ ನಡೆಸುವ ಸ್ಕ್ರೀನ್‌ರೈಟರ್ಸ್ ಲ್ಯಾಬ್‌ನಲ್ಲಿ ಪಳಗಿತ್ತು. ಕನು ಬೆಹಲ್ ಅವರ ‘ತಿತ್ಲಿ’, ಅಲಂಕೃತಾ ಶ್ರೀವಾಸ್ತವ ಅವರ ‘ಲಿಪ್‌ಸ್ಟಿಕ್ ಅಂಡರ್ ಮೈ ಬುರ್ಖಾ’ ಕೂಡ ಅದೇ ಲ್ಯಾಬ್‌ನಿಂದ ಹಾದುಬಂದವು.

ಇಂಥ ಲ್ಯಾಬ್‌ಗಳಲ್ಲಿ ಪಾಠ ಹೇಳುವುದಿಲ್ಲ. ಆಯ್ಕೆಯಾದ ಬೆರಳೆಣಿಕೆಯ ಬರಹಗಾರರನ್ನು ಅನುಭವಿ ಚಿತ್ರಕಥೆಗಾರರ ಎದುರು ಕೂರಿಸಿ, ಕರಡನ್ನು ಬಿಚ್ಚಿ ಮತ್ತೆ ಕಟ್ಟಿಸುತ್ತಾರೆ. ರಾಬರ್ಟ್ ರೆಡ್‌ಫೋರ್ಡ್ 1981ರಲ್ಲಿ ಅಮೆರಿಕದ ಯೂಟಾದಲ್ಲಿ ಆರಂಭಿಸಿದ ಸಂಡಾನ್ಸ್ ಸಂಸ್ಥೆಯ ಲ್ಯಾಬ್‌ಗಳೂ ಇದೇ ಜಾಡಿನವು. ಸಂಡಾನ್ಸ್‌ನಲ್ಲಿ ಮೊದಲ ಸುತ್ತಿಗೆ ಇಡೀ ಚಿತ್ರಕಥೆಯನ್ನು ಕೇಳುವುದಿಲ್ಲ. ಕಥೆಯ ಸಾರಾಂಶ, ಬರಹಗಾರರ ಹೇಳಿಕೆ ಮತ್ತು ಚಿತ್ರಕಥೆಯ ಆರಂಭದ ಕೆಲವು ಪುಟಗಳನ್ನು ನೋಡಿ, ಮೆಚ್ಚಿಗೆಯಾದವರಿಂದ ಮಾತ್ರ ಪೂರ್ತಿ ಕರಡು ತರಿಸಿಕೊಳ್ಳುತ್ತಾರೆ. ಹೀಗಾಗಿ ವರ್ಷಗಟ್ಟಲೆ ತಿದ್ದಿದ ನೂರು ಪುಟಗಳನ್ನು ಯಾರಾದರೂ ತೆರೆಯಬೇಕೋ ಬೇಡವೋ ಎಂಬುದು ಮೊದಲು ಒಂದೆರಡು ಪುಟಗಳ ಮೇಲೆ ನಿಂತಿರುತ್ತದೆ.

ಸಾರಾಂಶ ಮತ್ತು ಹೇಳಿಕೆ ಎರಡೂ ಒಂದೇ ಕೆಲಸ ಮಾಡುತ್ತವೆ ಎಂದುಕೊಳ್ಳುವಲ್ಲೇ ಹೆಚ್ಚಿನ ಅರ್ಜಿಗಳು ಎಡವುತ್ತವೆ. ಯಾರಿಗೆ ಏನು ಬೇಕಾಗಿದೆ, ಏನು ಅಡ್ಡ ಬರುತ್ತದೆ, ಕೊನೆಗೆ ಏನಾಗುತ್ತದೆ ಎಂಬುದನ್ನು ಸಾರಾಂಶ ಹೇಳಬೇಕು. ಈ ಕಥೆಗೂ ಬರೆಯುವವರಿಗೂ ಏನು ನಂಟು, ಅದನ್ನು ತೆರೆಯ ಮೇಲೆ ಹೇಗೆ ಕಾಣಿಸುತ್ತಾರೆ, ಎಲ್ಲಿ ಸಿಕ್ಕಿಕೊಂಡಿದ್ದಾರೆ ಎಂಬುದು ಹೇಳಿಕೆಯ ಪಾಲು. ಸಾರಾಂಶದಲ್ಲಿ ಆಶಯ ತುಂಬಿ, ಹೇಳಿಕೆಯಲ್ಲಿ ಕಥೆಯನ್ನೇ ಮತ್ತೊಮ್ಮೆ ಹೇಳಿದರೆ ಎರಡೂ ಪುಟ ವ್ಯರ್ಥ.

ಒಂದು ಕಲ್ಪಿತ ಚಿತ್ರಕಥೆಯನ್ನು ಇಟ್ಟುಕೊಂಡು ನೋಡಬಹುದು. ಕಥೆ ಕಲ್ಪಿತವಾದರೂ ಅದರ ಜಾಗ ನಿಜ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯಿಂದ ಶರಾವತಿ ಹಿನ್ನೀರು ಹರಡಿಕೊಂಡ ಮೇಲೆ, ಸಾಗರ ತಾಲ್ಲೂಕಿನ ತುಮರಿ, ಸಿಗಂದೂರು ಭಾಗದ ಜನ ದಶಕಗಳ ಕಾಲ ಲಾಂಚ್ ಹತ್ತಿ ಈಚೆ ದಡಕ್ಕೆ ಬರುತ್ತಿದ್ದರು. ಸಂಜೆಯಾದರೆ ಲಾಂಚ್ ನಿಲ್ಲುತ್ತಿತ್ತು. 2025ರ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾಯಿತು. ಈ ಹಿನ್ನೆಲೆಯಲ್ಲಿ ಒಬ್ಬರು ‘ಹೊಳೆಬಾಗಿಲು’ ಎಂಬ ಚಿತ್ರಕಥೆ ಬರೆದಿದ್ದಾರೆ ಎಂದುಕೊಳ್ಳೋಣ. ಅವರ ಸಾರಾಂಶದ ಮೊದಲ ಕರಡು ಹೀಗಿದೆ:

“ಮಲೆನಾಡಿನ ರಮ್ಯ ಪರಿಸರದಲ್ಲಿ ನಡೆಯುವ ‘ಹೊಳೆಬಾಗಿಲು’, ಅಭಿವೃದ್ಧಿ ಮತ್ತು ಸಂಪ್ರದಾಯದ ಸಂಘರ್ಷವನ್ನು ಒಬ್ಬ ಸಾಮಾನ್ಯ ಲಾಂಚ್ ನೌಕರನ ಕಣ್ಣಿನಿಂದ ಕಟ್ಟಿಕೊಡುವ ಹೃದಯಸ್ಪರ್ಶಿ ಕಥೆ. ಊರಿಗೆ ಸೇತುವೆ ಬರುವ ಸುದ್ದಿ ಮಂಜಪ್ಪನ ಬದುಕನ್ನು ಅಲ್ಲಾಡಿಸುತ್ತದೆ. ಒಂದು ರಾತ್ರಿ ನಡೆಯುವ ಅನಿರೀಕ್ಷಿತ ಘಟನೆ ಎಲ್ಲವನ್ನೂ ಬದಲಿಸುತ್ತದೆ. ಮಂಜಪ್ಪ ಯಾವ ದಾರಿ ಹಿಡಿಯುತ್ತಾನೆ?”

ಓದಲು ಅಡ್ಡಿಯಿಲ್ಲ, ಆದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಮಂಜಪ್ಪನಿಗೆ ಏನು ಬೇಕಿತ್ತು ಎಂಬುದೇ ಗೊತ್ತಾಗುವುದಿಲ್ಲ. ಹೃದಯಕ್ಕೆ ತಟ್ಟಿತೋ ಇಲ್ಲವೋ ಎಂದು ಹೇಳಬೇಕಾದವರು ಓದುವವರು, ಬರೆದವರಲ್ಲ. “ಅನಿರೀಕ್ಷಿತ ಘಟನೆ” ಎನ್ನುವಲ್ಲಿ ಆ ಘಟನೆಯೇ ಇರಬೇಕಿತ್ತು. ಕೊನೆಯ ಪ್ರಶ್ನೆ ಸಿನಿಮಾ ಪೋಸ್ಟರಿನ ಭಾಷೆ. ಪ್ರೇಕ್ಷಕರನ್ನು ಥಿಯೇಟರಿಗೆ ಕರೆಯಲು ಕ್ಲೈಮ್ಯಾಕ್ಸ್ ಬಚ್ಚಿಡಬೇಕು, ಸರಿ. ಆಯ್ಕೆ ಸಮಿತಿಯವರು ಟಿಕೆಟ್ ಕೊಳ್ಳಲು ಬಂದವರಲ್ಲ. ಕಥೆ ಕೊನೆಯವರೆಗೂ ನಿಲ್ಲುತ್ತದೆಯೇ ಎಂದು ಅಳೆಯುವುದೇ ಅವರ ಕೆಲಸ, ಕೊನೆಯೇ ಇಲ್ಲದಿದ್ದರೆ ಅಳೆಯುವುದು ಹೇಗೆ? ಬರೆದವರಿಗೂ ಅಂತ್ಯ ಹೊಳೆದಿಲ್ಲ ಎಂದೇ ಅವರು ಭಾವಿಸುತ್ತಾರೆ.

ಅದೇ ಕಥೆಯನ್ನು ತಿದ್ದಿದ ಮೇಲೆ:

“ಐವತ್ತು ವರ್ಷದ ಮಂಜಪ್ಪ ಶರಾವತಿ ಹಿನ್ನೀರಿನ ಲಾಂಚ್‌ನಲ್ಲಿ ದಿನಗೂಲಿ ನೌಕರ. ಅವನ ಕೆಲಸ ಕಾಯಂ ಮಾಡುವ ಕಡತ ಬೆಂಗಳೂರಿನ ಕಚೇರಿಯೊಂದರಲ್ಲಿದೆ. ಅದಕ್ಕೆ ಸಹಿ ಬೀಳುವ ಮೊದಲೇ ಸೇತುವೆ ಮುಗಿದರೆ ಕಾಯಂ ಆಗಲು ಹುದ್ದೆಯೇ ಉಳಿಯುವುದಿಲ್ಲ. ಮಗಳು ಸುಮಾ ಅದೇ ಸೇತುವೆಯ ಗುತ್ತಿಗೆದಾರರ ಬಳಿ ಲೆಕ್ಕ ಬರೆಯುತ್ತಾಳೆ. ಕಾಮಗಾರಿಯ ಸಾಮಾನು ದಾಟಿಸುವ ಮಂಜಪ್ಪ ಎಂಜಿನ್ ಕೆಟ್ಟಿದೆ, ನೀರು ಕಡಿಮೆ ಎಂದು ನೆಪ ಹೇಳಿ ಒಂದೊಂದೇ ದಿನ ತಡಮಾಡತೊಡಗುತ್ತಾನೆ. ತಡವಾದದ್ದಕ್ಕೆಲ್ಲ ಸುಮಾಳ ಲೆಕ್ಕದ ಮೇಲೆ ಅನುಮಾನ ಬಂದು ಅವಳ ಕೆಲಸ ಹೋಗುತ್ತದೆ. ಮಂಜಪ್ಪ ಬಾಯಿ ಬಿಡುವುದಿಲ್ಲ. ಕಡತಕ್ಕೆ ಸಹಿ ಬಿದ್ದ ಸುದ್ದಿ ಬಂದ ರಾತ್ರಿಯೇ, ಹೆರಿಗೆ ನೋವು ತಿನ್ನುತ್ತಿರುವ ನೆರೆಮನೆಯ ಹೆಂಗಸನ್ನು ದಡಕ್ಕೆ ಕರೆತರುತ್ತಾರೆ. ರಾತ್ರಿ ಲಾಂಚ್ ಬಿಡುವಂತಿಲ್ಲ. ಬಿಟ್ಟರೆ ಸಿಕ್ಕ ಕೆಲಸ ಹೋಗುತ್ತದೆ. ಮಂಜಪ್ಪ ಬಿಡುತ್ತಾನೆ. ನಡುನೀರಿನಲ್ಲಿ, ಕಟ್ಟಿ ಮುಗಿಯದ ಕಂಬಗಳ ಪಕ್ಕದಲ್ಲಿ, ತಡಮಾಡಿದ್ದು ತಾನೇ ಎಂದು ಮಗಳಿಗೆ ಹೇಳುತ್ತಾನೆ. ಬೆಳಗ್ಗೆ ಅವನನ್ನು ಕೆಲಸದಿಂದ ತೆಗೆಯುತ್ತಾರೆ. ಸೇತುವೆ ಉದ್ಘಾಟನೆಯ ದಿನ ಇಡೀ ಊರು ನಡೆದು ದಾಟುವಾಗ, ಸುಮಾ ಅಪ್ಪನಿಗಾಗಿ ಕಾಯದೆ ಮುಂದೆ ಹೋಗುತ್ತಾಳೆ.”

ಇದರಲ್ಲಿ “ಅಭಿವೃದ್ಧಿ” ಎಂಬ ಪದವೇ ಇಲ್ಲ. ಆದರೆ ಸೇತುವೆ ಎಲ್ಲರಿಗೂ ಬೇಕು, ಒಬ್ಬನಿಗೆ ಮಾತ್ರ ಸ್ವಲ್ಪ ತಡವಾಗಿ ಬೇಕು ಎಂಬ ಇಕ್ಕಟ್ಟು ಕಾಣುತ್ತದೆ. ಒಂದೊಂದು ಘಟನೆಯೂ ಹಿಂದಿನದರಿಂದ ಹುಟ್ಟಿದೆ. ಕಡತದಿಂದ ನೆಪ, ನೆಪದಿಂದ ಮಗಳ ಕೆಲಸಕ್ಕೆ ಕುತ್ತು. ಸಾರಾಂಶ ಸರಿಯಿದೆಯೇ ಎಂದು ನೋಡಲು ವಾಕ್ಯಗಳ ನಡುವೆ “ಆಮೇಲೆ” ಎಂದು ಸೇರಿಸಿ ಓದಬೇಕು, ಮತ್ತೆ “ಆದ್ದರಿಂದ” ಅಥವಾ “ಆದರೆ” ಎಂದು ಸೇರಿಸಿ ಓದಬೇಕು. “ಆಮೇಲೆ” ಮಾತ್ರ ಹೊಂದುತ್ತಿದ್ದರೆ ಅದು ಘಟನೆಗಳ ಪಟ್ಟಿಯೇ ಹೊರತು ಕಥೆಯಲ್ಲ. ಹೆಸರಿಟ್ಟ ಪಾತ್ರಗಳು ಎರಡೇ ಎಂಬುದನ್ನೂ ಗಮನಿಸಬೇಕು. ನಾಲ್ಕನೆಯ ಹೆಸರು ಬರುವಷ್ಟರಲ್ಲಿ ಓದುವವರು ಯಾರು ಯಾರೆಂದು ಹಿಂದೆ ತಿರುಗಿ ನೋಡತೊಡಗುತ್ತಾರೆ. ಉಳಿದವರನ್ನು “ಗುತ್ತಿಗೆದಾರ”, “ನೆರೆಮನೆಯ ಹೆಂಗಸು” ಎಂದರೆ ಸಾಕು.

ಅಂತ್ಯ ತೆರೆದುಕೊಂಡೇ ಉಳಿಯುವ ಚಿತ್ರಗಳಿಗೂ ಇದೇ ಮಾತು ಸಲ್ಲುತ್ತದೆ. ‘ದಿ ಲಂಚ್‌ಬಾಕ್ಸ್’ನಲ್ಲಿ ಇಳಾ ಮತ್ತು ಸಾಜನ್ ಭೇಟಿಯಾಗುವುದನ್ನು ತೋರಿಸುವುದಿಲ್ಲ. ಆದರೂ ಅಂಥ ಚಿತ್ರದ ಸಾರಾಂಶದಲ್ಲಿ ಆಕೆ ಊರು ಬಿಡಲು ನಿರ್ಧರಿಸಿದ್ದು, ಆತ ಡಬ್ಬಾವಾಲಾಗಳ ಜೊತೆ ಅವಳನ್ನು ಹುಡುಕಿ ಹೊರಟಿದ್ದು, ಚಿತ್ರ ಅಲ್ಲಿಗೇ ನಿಲ್ಲುವುದು ಇಷ್ಟನ್ನೂ ಬರೆಯಬೇಕಾಗುತ್ತದೆ.

ಇನ್ನು ಹೇಳಿಕೆ. ಬಾಲ್ಯದ ಟೆಂಟ್ ಸಿನಿಮಾದಿಂದ ಶುರುವಾಗಿ, ಸಿನಿಮಾವೇ ತನ್ನ ಉಸಿರು ಎಂದು ಮುಗಿಯುವ ಹೇಳಿಕೆಗಳು ಸಮಿತಿಯ ಮೇಜಿನ ಮೇಲೆ ರಾಶಿ ಬೀಳುತ್ತವೆ. ಅವನ್ನು ಯಾವ ಚಿತ್ರಕಥೆಗೆ ಅಂಟಿಸಿದರೂ ಅಂಟಿಕೊಳ್ಳುತ್ತವೆ. ಮೇಲಿನ ಹೆಸರು ತೆಗೆದು ಬೇರೆ ಚಿತ್ರದ ಹೆಸರು ಬರೆದಾಗಲೂ ಹೇಳಿಕೆ ಸರಿಹೊಂದಿದರೆ ಅದನ್ನು ಹೊಸದಾಗಿ ಬರೆಯಬೇಕು ಎಂದೇ ಅರ್ಥ.

‘ಹೊಳೆಬಾಗಿಲು’ ಬರೆದವರು ತುಮರಿಯ ಕಡೆ ಶಾಲೆಯಲ್ಲಿ ಕೆಲಸ ಮಾಡಿದವರು ಎಂದಿಟ್ಟುಕೊಂಡರೆ, ಅವರ ಹೇಳಿಕೆಯ ತಿರುಳು ಹೀಗಿರಬಹುದು:

“ಸೋಮವಾರ ಬೆಳಗಿನ ಮೊದಲ ಲಾಂಚ್‌ನಲ್ಲಿ ನಾನು ಶಾಲೆಗೆ ಹೋಗುತ್ತಿದ್ದೆ. ಸೇತುವೆ ಬೇಡ ಎಂದವರನ್ನು ನಾನು ಅಲ್ಲಿ ಕಂಡಿಲ್ಲ, ನನಗೂ ಅದು ಬೇಕಿತ್ತು. ಆದ್ದರಿಂದ ಸೇತುವೆಯನ್ನು ಖಳನನ್ನಾಗಿ ಮಾಡಲು ನನಗೆ ಮನಸ್ಸಿಲ್ಲ. ಒಳ್ಳೆಯದೊಂದು ತಡವಾಗಲಿ ಎಂದು ಒಳಗೊಳಗೇ ಬಯಸುವವನ ನಾಚಿಕೆ ನನ್ನ ವಿಷಯ. ಕ್ಯಾಮೆರಾ ಚಿತ್ರದುದ್ದಕ್ಕೂ ಲಾಂಚ್‌ನ ಎತ್ತರದಲ್ಲೇ ಇರುತ್ತದೆ, ಸೇತುವೆ ಯಾವಾಗಲೂ ಕೆಳಗಿನಿಂದಲೇ ಕಾಣುತ್ತದೆ. ಅದರ ಮೇಲೆ ನಾವು ಹತ್ತುವುದು ಕೊನೆಯ ದೃಶ್ಯದಲ್ಲಿ ಮಾತ್ರ. ಈಗಿನದು ಎರಡನೆಯ ಕರಡು. ಕೆಲಸ ಹೋದ ಮೇಲೆ ಸುಮಾ ಸುಮಾರು ಇಪ್ಪತ್ತು ಪುಟ ಕಾಣೆಯಾಗುತ್ತಾಳೆ. ಹೆರಿಗೆಯ ರಾತ್ರಿ ಅವಳು ಲಾಂಚ್ ಹತ್ತಲು ಅವಳದೇ ಕಾರಣ ಬೇಕು, ಅದು ನನಗಿನ್ನೂ ಸಿಕ್ಕಿಲ್ಲ.”

ಕೊನೆಯ ಮೂರು ವಾಕ್ಯ ಬರೆಯಲು ಬಹಳ ಮಂದಿ ಹೆದರುತ್ತಾರೆ. ಹುಳುಕು ಒಪ್ಪಿಕೊಂಡರೆ ಅರ್ಜಿ ಬಿದ್ದುಹೋಗುತ್ತದೆ ಎಂಬ ಅಂಜಿಕೆ ಅವರದು. ಆದರೆ ಲ್ಯಾಬ್ ಇರುವುದೇ ಮುಗಿಯದ ಕರಡಿಗೆ. ಚಿತ್ರೀಕರಣಕ್ಕೆ ಸಿದ್ಧ ಎಂದು ಬರೆದವರಿಗೆ ಅಲ್ಲಿ ಮಾಡಿಕೊಡಲು ಏನಿದೆ? ಹಾಗೆಂದು “ದ್ವಿತೀಯಾರ್ಧ ಇನ್ನಷ್ಟು ಬಿಗಿಯಾಗಬೇಕು” ಎಂದರೂ ಸಾಲದು, ಆ ಮಾತು ಯಾವ ಚಿತ್ರಕ್ಕೂ ಸಲ್ಲುತ್ತದೆ. ಎಷ್ಟನೆಯ ಪುಟದಿಂದ, ಯಾವ ಪಾತ್ರ, ಯಾವ ಕಾರಣಕ್ಕೆ ದಾರಿ ತಪ್ಪಿದೆ ಎಂದು ಬರೆದವರನ್ನು ಕಂಡರೆ, ಇವರ ಜೊತೆ ಕೂತು ಕೆಲಸ ಮಾಡಬಹುದು ಎಂದು ಮೆಂಟರ್‌ಗಳಿಗೆ ಅನ್ನಿಸುತ್ತದೆ.

ಹೇಳಿಕೆಯಲ್ಲಿ ಬೇರೆ ಚಿತ್ರಗಳನ್ನು ಹೆಸರಿಸುವಾಗಲೂ ಎಚ್ಚರ ಬೇಕು. ದೊಡ್ಡ ನಿರ್ದೇಶಕರ ಹೆಸರು ಸಾಲಾಗಿ ನಿಲ್ಲಿಸಿದರೆ ಅರ್ಜಿಯ ತೂಕ ಹೆಚ್ಚುವುದಿಲ್ಲ. ಒಂದೇ ಹೆಸರಿದ್ದರೂ ಅದರಿಂದ ಏನನ್ನು ಕಲಿತದ್ದು ಎಂಬುದು ಜೊತೆಗಿರಬೇಕು. ವೃತ್ತಿರಂಗ ನಟರಲ್ಲದ ಮಂಡ್ಯ ಸೀಮೆಯ ಹಳ್ಳಿಗರನ್ನೇ ಇಟ್ಟುಕೊಂಡು ರಾಮ್ ರೆಡ್ಡಿ ‘ತಿಥಿ’ ಮಾಡಿದರು. ಲಾಂಚ್‌ನಲ್ಲಿ ದುಡಿದವರನ್ನೇ ಪಾತ್ರಕ್ಕೆ ತರುವ ಯೋಚನೆಯಿದ್ದರೆ ಆ ಹೆಸರಿಗೆ ಅರ್ಥವಿದೆ.

ಅಳತೆ ಮೀರಬಾರದು. ಒಂದು ಪುಟ ಎಂದರೆ ಒಂದೇ ಪುಟ. ಅಕ್ಷರ ಕಿರಿದು ಮಾಡಿ, ಅಂಚು ಕತ್ತರಿಸಿ ತುರುಕಿದ ಪುಟವನ್ನು ತೆರೆದ ಕೂಡಲೇ ಪತ್ತೆ ಹಚ್ಚಬಹುದು. ಪದಮಿತಿ, ಭಾಷೆ, ಹೇಳಿಕೆ ಮತ್ತು ಸಾರಾಂಶ ಬೇರೆ ಬೇರೆ ಕಡತವೋ ಒಂದೇ ಕಡತವೋ ಎಂಬುದು ಲ್ಯಾಬ್‌ನಿಂದ ಲ್ಯಾಬ್‌ಗೆ ಬದಲಾಗುವುದರಿಂದ ಆ ವರ್ಷದ ಪ್ರಕಟಣೆಯನ್ನೇ ನೋಡಬೇಕು. ಇಂಗ್ಲಿಷಿನಲ್ಲಿ ಕೊಡಬೇಕಾದ ಕಡೆ ಕನ್ನಡದಲ್ಲಿ ಮೊದಲು ಬರೆದು ಗಟ್ಟಿ ಮಾಡಿಕೊಂಡರೆ ಘಟನೆಗಳು ಜಾರುವುದಿಲ್ಲ. ನೇರವಾಗಿ ಇಂಗ್ಲಿಷಿಗೆ ಇಳಿದರೆ “ಸಂಘರ್ಷ”, “ಪಯಣ”ಗಳಂಥ ಸವಕಲು ಮಾತುಗಳೇ ಮೊದಲು ಕೈಗೆ ಬರುತ್ತವೆ.

ಹಕ್ಕಿನ ವಿಷಯವನ್ನು ಅರ್ಜಿ ಕಳಿಸುವ ಮೊದಲೇ ಬಗೆಹರಿಸಿಕೊಳ್ಳಬೇಕು. ಕಥೆ ಯಾರದ್ದಾದರೂ ಕಾದಂಬರಿಯನ್ನೋ ಸಣ್ಣಕಥೆಯನ್ನೋ ಆಧರಿಸಿದ್ದರೆ ಲಿಖಿತ ಒಪ್ಪಿಗೆ ಕೈಯಲ್ಲಿರಬೇಕು. ಭಾರತದಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ, ಹಾಗಾಗಿ ಹಳೆಯ ಕಥೆಯಾದರೆ ಮನೆಯವರನ್ನು ಹುಡುಕಬೇಕಾದೀತು. ಸ್ವಂತ ಕಥೆಯನ್ನು ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನಲ್ಲಿ ನೋಂದಾಯಿಸಬಹುದು. ಕೃತಿಸ್ವಾಮ್ಯ ಸಿಗುವುದು ಬರೆದ ರೂಪಕ್ಕೆ, ಬರಿಯ ಎಳೆಗೆ ಅಲ್ಲ.

ಕಳಿಸುವ ಮೊದಲು ಕೊನೆಯದಾಗಿ ಒಂದು ಪರೀಕ್ಷೆ. ಚಿತ್ರಕಥೆಯ ಗಂಧಗಾಳಿ ಇಲ್ಲದವರೊಬ್ಬರಿಗೆ ಸಾರಾಂಶ ಕೊಟ್ಟು, ಓದಿದ ಮೇಲೆ ಹಾಳೆ ತೆಗೆದುಕೊಂಡು, ಕಥೆ ಹೇಳಿ ಎನ್ನಬೇಕು. ಅವರು ತಡವರಿಸಿದ ಜಾಗವನ್ನು ಗುರುತು ಮಾಡಿಕೊಳ್ಳಬೇಕು. “ಅವನು ಯಾಕೆ ಸುಮ್ಮನಿದ್ದ?” ಎಂದು ಕೇಳಿದರೆ ಎದುರು ಕೂತು ವಿವರಿಸಲು ಹೋಗದೆ, ಆ ಉತ್ತರವನ್ನು ಒಂದು ವಾಕ್ಯ ಮಾಡಿ ಹಾಳೆಗೆ ಸೇರಿಸಿ, ಅಷ್ಟೇ ಜಾಗ ತಿನ್ನುತ್ತಿರುವ ವಿಶೇಷಣಗಳನ್ನು ಕಿತ್ತುಹಾಕಬೇಕು.